ತೆರೆದ ಮೂರು ಫೋಟೋ, ತೆರೆಯದೆ ಉಳಿದ ಒಂದು: ‘ವ್ಯೂ ಒನ್ಸ್’ ಚಿತ್ರಗಳ ಒಂದು ಪ್ರಕರಣ

ಒಬ್ಬರು ಬಳಸಿದ ಕ್ಯಾಮೆರಾ ಲೆನ್ಸ್ ಒಂದನ್ನು ಆನ್‌ಲೈನಿನಲ್ಲಿ ಸಿಕ್ಕ ಅಪರಿಚಿತನಿಂದ ಕೊಳ್ಳಲು ಹೊರಟರು. ಮಾತುಕತೆ ಪೂರ್ತಿ ವಾಟ್ಸಾಪ್‌ನಲ್ಲೇ ನಡೆಯಿತು. ಮಾರುವವನು ಮೊದಲು ಮೂರು ಫೋಟೋ ಕಳಿಸಿದ. ಒಂದು ಲೆನ್ಸಿನದು, ಇನ್ನೊಂದು ಅದರ ಸೀರಿಯಲ್ ನಂಬರಿನದು, ಮೂರನೆಯದು ಅವನದು ಎನ್ನಲಾದ ಗುರುತಿನ ಚೀಟಿಯದು. ಮೂರನ್ನೂ ‘ವ್ಯೂ ಒನ್ಸ್’ ಮಾಡಿ, ಅಂದರೆ ಒಮ್ಮೆ ಮಾತ್ರ ನೋಡುವ ಹಾಗೆ ಕಳಿಸಿದ್ದ. ‘ಗುರುತಿನ ಚೀಟಿ ಎಲ್ಲೆಲ್ಲೋ ಹರಿದಾಡೋದು ಬೇಡ ಅಂತ ಹೀಗೆ ಕಳಿಸ್ತಿದೀನಿ’ ಅಂದಿದ್ದ. ಮಾತು ನಂಬುವ ಹಾಗೇ ಇತ್ತು. ಇವರು ಮೂರನ್ನೂ ತೆರೆದು ನೋಡಿ ಹಣ ಹಾಕಿದರು.

ಲೆನ್ಸ್ ಬರಲಿಲ್ಲ. ಕೇಳಿದಾಗ ಅವನು ನಾಲ್ಕನೆಯ ಫೋಟೋ ಕಳಿಸಿದ: ‘ಕೊರಿಯರ್ ರಸೀದಿ, ನೋಡಿ’. ಅದೂ ಒಮ್ಮೆ ನೋಡುವುದೇ. ಅಷ್ಟು ಹೊತ್ತಿಗೆ ಇವರಿಗೆ ಅನುಮಾನ ಬಂದಿತ್ತು, ಅದನ್ನು ತೆರೆಯಲಿಲ್ಲ. ಆಮೇಲೆ ಅವನ ಕಡೆಯಿಂದ ಉತ್ತರವೇ ನಿಂತುಹೋಯಿತು.

ಫೋಟೋಗಳು ಅಸಲಿಯೋ, ತಿದ್ದಿದ್ದೋ ಎಂದು ಪರೀಕ್ಷಿಸುವ ಕೆಲಸ ನನ್ನದು. ಅವರು ಫೋನ್ ಹಿಡಿದು ನನ್ನ ಹತ್ತಿರ ಬಂದಾಗ ನಾಲ್ಕನೆಯ ಫೋಟೋ ಬಂದು 9 ದಿನ ಆಗಿತ್ತು. ಅವರ ಪ್ರಶ್ನೆಗಳೆಲ್ಲ ಮೊದಲ ಮೂರರ ಬಗ್ಗೆಯೇ ಇದ್ದವು. ಚೀಟಿಯಲ್ಲಿ ಹೆಸರು ತಿದ್ದಿದ್ದರಾ? ಲೆನ್ಸಿನ ಚಿತ್ರ ಬೇರೆ ಯಾರದೋ ಜಾಹೀರಾತಿನಿಂದ ಎತ್ತಿದ್ದಾ? ಫೋಟೋ ಎಲ್ಲಿ ತೆಗೆದದ್ದು ಅಂತ ಗೊತ್ತಾಗುತ್ತಾ? ಎಲ್ಲವೂ ಸರಿಯಾದ ಪ್ರಶ್ನೆಗಳೇ. ಫೋಟೋ ಕೈಯಲ್ಲಿದ್ದಿದ್ದರೆ ಮೂರಕ್ಕೂ ಸ್ವಲ್ಪವಾದರೂ ಉತ್ತರ ಹುಡುಕಬಹುದಿತ್ತು. ಆದರೆ ಆ ಮೂರು ಚಿತ್ರಗಳು ಫೋನಿನಲ್ಲಿ ಇರಲೇ ಇಲ್ಲ.

ಎಲ್ಲೆಲ್ಲಿ ಹುಡುಕಿದೆವು

ಗ್ಯಾಲರಿಯಲ್ಲಿ ಇರುವುದಿಲ್ಲ ಎಂದು ಅವರಿಗೇ ಗೊತ್ತಿತ್ತು. ವ್ಯೂ ಒನ್ಸ್ ಚಿತ್ರ ಗ್ಯಾಲರಿಗೆ ಇಳಿಯುವುದೇ ಇಲ್ಲ, ಅದನ್ನು ಬೇರೆಯವರಿಗೆ ಫಾರ್ವರ್ಡ್ ಮಾಡುವುದಕ್ಕೂ ಬರುವುದಿಲ್ಲ. ಗುರುತಿನ ಚೀಟಿ ತೆರೆದಾಗ ಅವರು ಸ್ಕ್ರೀನ್‌ಶಾಟ್ ತೆಗೆಯಲು ನೋಡಿದ್ದರು. ಆಪ್ ಬಿಡಲಿಲ್ಲ.

ಮುಂದಿನ ಆಸೆ ಬ್ಯಾಕಪ್. ಇಲ್ಲಿ ಒಂದು ಸೂಕ್ಷ್ಮ ಇದೆ. ಬ್ಯಾಕಪ್ ಆಗುವ ಹೊತ್ತಿಗೆ ಚಿತ್ರ ಇನ್ನೂ ತೆರೆಯದೆ ಉಳಿದಿದ್ದರೆ ಅದು ಬ್ಯಾಕಪ್ಪಿನಲ್ಲಿ ಸೇರುತ್ತದೆ. ತೆರೆದಾಗಿದ್ದರೆ ಸೇರುವುದಿಲ್ಲ. ಇವರು ಮೂರನ್ನೂ ಬಂದ ಕೆಲವೇ ನಿಮಿಷಗಳಲ್ಲಿ ತೆರೆದಿದ್ದರು. ರಾತ್ರಿ ಬ್ಯಾಕಪ್ ಓಡುವಾಗ ಅಲ್ಲಿ ಉಳಿದಿದ್ದು ‘ತೆರೆಯಲಾಗಿದೆ’ ಎಂಬ ಗುರುತು ಮಾತ್ರ.

ಆಮೇಲೆ ಅವರು ಕೇಳಿದ್ದು ಎಲ್ಲರೂ ಕೇಳುವುದನ್ನೇ: ‘ಅಳಿಸಿದ ಫೈಲ್ ವಾಪಸ್ ತರುವ ಆಪ್ ಇದೆಯಲ್ಲ, ಹಾಕಿ ನೋಡೋಣ್ವಾ?’ ಬೇಡ ಅಂದೆ. ಯಾಕೆ ಬೇಡ ಎನ್ನುವುದೇ ಈ ಪ್ರಕರಣದ ತಿರುಳು, ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಚಿತ್ರ ಎಲ್ಲಿ ಹೋಯಿತು

ವಾಟ್ಸಾಪ್‌ನಲ್ಲಿ ಫೋಟೋ ಕಳಿಸಿದಾಗ ಕಳಿಸುವವರ ಫೋನ್ ಮೊದಲು ಆ ಫೋಟೋಗೆ ಅಂತಲೇ ಒಂದು ಹೊಸ ಕೀ ತಯಾರಿಸುತ್ತದೆ. ಆ ಕೀಯಿಂದ ಫೋಟೋವನ್ನು ಗೂಢಲಿಪೀಕರಿಸಿ ಸರ್ವರಿಗೆ ಏರಿಸುತ್ತದೆ. ಕೀ ಮಾತ್ರ ಸರ್ವರಿಗೆ ತಿಳಿಯದ ಹಾಗೆ, ಸಂದೇಶದ ಒಳಗೆ, ನೇರವಾಗಿ ನಿಮ್ಮ ಫೋನಿಗೆ ಬರುತ್ತದೆ. ಸರ್ವರಿನಲ್ಲಿರುವುದು ಬೀಗ ಹಾಕಿದ ಪೆಟ್ಟಿಗೆ, ಬೀಗದ ಕೈ ಇರುವುದು ಎರಡು ತುದಿಯ ಫೋನುಗಳಲ್ಲಿ. ನೀವು ಫೋಟೋ ತೆರೆದಾಗ ನಿಮ್ಮ ಫೋನ್ ಆ ಪೆಟ್ಟಿಗೆಯನ್ನು ಇಳಿಸಿಕೊಂಡು ಬಿಚ್ಚಿ ತೋರಿಸುತ್ತದೆ. ಮಾಮೂಲಿ ಫೋಟೋ ಆದರೆ ಬಿಚ್ಚಿದ ಪ್ರತಿ ಫೋನಿನಲ್ಲೇ ಉಳಿಯುತ್ತದೆ. ವ್ಯೂ ಒನ್ಸ್ ಆದರೆ ನೀವು ಮುಚ್ಚಿದ ಕೂಡಲೇ ಆಪ್ ಆ ಪ್ರತಿಯನ್ನು ತೆಗೆದುಹಾಕುತ್ತದೆ. ಗೂಢಲಿಪಿಯ ಪ್ರತಿ ಸರ್ವರಿನಲ್ಲಿ ಇನ್ನೂ ಕೆಲವು ದಿನ ಇದ್ದರೂ ಕೀ ಇಲ್ಲದೆ ಅದನ್ನು ಬಿಚ್ಚಲು ಕಂಪನಿಗೂ ಆಗುವುದಿಲ್ಲ. ಹಾಗಾಗಿ ‘ಕಂಪನಿಗೆ ಬರೆದರೆ ಕೊಡ್ತಾರೆ’ ಎಂಬ ದಾರಿ ಚಿತ್ರದ ಮಟ್ಟಿಗೆ ಇಲ್ಲ.

ಇನ್ನು ಫೋನಿನೊಳಗೆ. ಅಳಿಸಿದ ಫೈಲನ್ನು ವಾಪಸ್ ತರಬಹುದು ಎಂಬ ನಂಬಿಕೆ ಹಳೆಯ ಮೆಮೊರಿ ಕಾರ್ಡುಗಳ ಕಾಲದ್ದು. ಆಗ ಅಳಿಸುವುದು ಅಂದರೆ ಪಟ್ಟಿಯಿಂದ ಹೆಸರು ಹೊಡೆದುಹಾಕುವುದು ಅಷ್ಟೇ. ಫೋಟೋದ ಬಿಟ್‌ಗಳು ಅಲ್ಲೇ ಇರುತ್ತಿದ್ದವು. ಇವತ್ತಿನ ಫೋನುಗಳಲ್ಲಿ ಒಳಗಿನ ಸಂಗ್ರಹವೇ ಗೂಢಲಿಪಿಯಲ್ಲಿರುತ್ತದೆ. ಆಂಡ್ರಾಯ್ಡ್ 10 ಅಥವಾ ಅದಕ್ಕಿಂತ ಹೊಸದರ ಜತೆ ಮಾರುಕಟ್ಟೆಗೆ ಬಂದ ಫೋನುಗಳಲ್ಲಿ ಫೈಲ್ ಮಟ್ಟದ ಗೂಢಲಿಪೀಕರಣ ಕಡ್ಡಾಯ. ಐಫೋನಿನಲ್ಲೂ ಪ್ರತಿ ಫೈಲಿಗೆ ಬೇರೆ ಬೇರೆ ಕೀ ಇರುತ್ತದೆ. ಫೈಲ್ ಅಳಿದಾಗ ಅದರ ಕೀ ಕಟ್ಟಲು ಬೇಕಾದ ಮಾಹಿತಿಯೂ ಹೋಗುತ್ತದೆ. ಜತೆಗೆ ‘ಈ ಜಾಗ ಇನ್ನು ಬೇಡ’ ಎಂದು ಫೋನ್ ತನ್ನ ಫ್ಲಾಶ್ ಚಿಪ್ಪಿಗೆ ಹೇಳುತ್ತದೆ. ಚಿಪ್ ತನ್ನ ಬಿಡುವಿನಲ್ಲಿ ಆ ಜಾಗವನ್ನು ನಿಜವಾಗಿ ಖಾಲಿ ಮಾಡುತ್ತದೆ. ಅಲ್ಲಿ ಬಿಟ್‌ಗಳ ಚೂರುಪಾರು ಸಿಕ್ಕರೂ ಅದರಿಂದ ಚಿತ್ರ ಹುಟ್ಟುವುದಿಲ್ಲ.

ಹಾಗಾದರೆ ‘ಮಾಯವಾದ ಫೋಟೋ ವಾಪಸ್ ತೆಗೆದರಂತೆ’ ಎಂಬ ಸುದ್ದಿ ಎಲ್ಲಿಂದ ಬಂತು? ಅದು ಸುಳ್ಳಲ್ಲ, ಹಳೆಯದು. 2013ರಲ್ಲಿ ಆಂಡ್ರಾಯ್ಡ್ ಫೋನುಗಳಲ್ಲಿ ಸ್ನ್ಯಾಪ್‌ಚಾಟ್‌ನ ‘ಅಳಿದ’ ಚಿತ್ರಗಳು ಒಂದು ಫೋಲ್ಡರಿನಲ್ಲಿ ಹಾಗೆಯೇ ಕೂತಿರುವುದನ್ನು ತಜ್ಞರು ತೋರಿಸಿದರು. ಫೈಲಿನ ಹೆಸರಿನ ಕೊನೆಗೆ `.nomedia` ಅಂತ ಸೇರಿಸಿ ಗ್ಯಾಲರಿಯ ಕಣ್ಣಿಗೆ ಬೀಳದ ಹಾಗೆ ಮಾಡಿದ್ದರು, ಅಷ್ಟೇ. ಚಿತ್ರಗಳು ಪೂರ್ತಿ ಮಾಯವಾಗುತ್ತವೆ ಎಂದು ಹೇಳಿಕೊಂಡಿದ್ದು ಸೇರಿದಂತೆ ಹಲವು ವಿಷಯಗಳಲ್ಲಿ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2014ರಲ್ಲಿ ಆ ಕಂಪನಿಯ ಮೇಲೆ ಕ್ರಮ ತೆಗೆದುಕೊಂಡಿತು. ಆ ನೆನಪಿನ ಮೇಲೆ ಇವತ್ತಿಗೂ ಎಷ್ಟೋ ‘ರಿಕವರಿ’ ಆಪ್‌ಗಳು ವ್ಯಾಪಾರ ಮಾಡುತ್ತಿವೆ.

ಅವು ಸುಮ್ನೆ ಕೆಲಸ ಮಾಡದೆ ಇದ್ದಿದ್ದರೆ ನನಗೆ ಇಷ್ಟು ಕಳವಳ ಇರುತ್ತಿರಲಿಲ್ಲ. ಅವು ನೋಟಿಫಿಕೇಶನ್ ಓದುವ ಅನುಮತಿ, ಫೈಲುಗಳ ಅನುಮತಿ ಎಲ್ಲ ಕೇಳುತ್ತವೆ. ಕೆಲವು ವಾಟ್ಸಾಪ್ ಬದಲು ತಿದ್ದಿದ ಆಪ್ ಹಾಕಿಕೊಳ್ಳಿ ಅನ್ನುತ್ತವೆ. ಹಾಕಿಕೊಂಡರೆ ಹಳೆಯ ಚಿತ್ರ ಸಿಗುವುದಿಲ್ಲ, ಉಳಿದಿರುವ ಚಾಟ್ ಅಪರಿಚಿತರ ಕೈಗೆ ಹೋಗುತ್ತದೆ. ಮೇಲಾಗಿ ದೂರು ಕೊಡುವಾಗ ‘ಈ ಫೋನಿನಲ್ಲಿ ತಿದ್ದಿದ ಆಪ್ ಇತ್ತು’ ಎಂಬ ಒಂದೇ ಮಾತಿಗೆ ಉಳಿದ ಸಾಕ್ಷ್ಯವೂ ಸಡಿಲವಾಗುತ್ತದೆ. ಮೋಸ ಹೋದವರು ಎರಡನೆಯ ಸಲ ಸಿಕ್ಕಿಬೀಳುವುದು ಹೀಗೆ.

ಇನ್ನೊಂದು ಪ್ರತಿ ಕಳಿಸಿದವನ ಫೋನಿನಲ್ಲಿ ಇರಬಹುದು. ಗ್ಯಾಲರಿಯಿಂದ ಆರಿಸಿ ಕಳಿಸಿದ್ದರೆ ಮೂಲ ಅಲ್ಲೇ ಇರುತ್ತದೆ. ಆದರೆ ಅಲ್ಲಿಗೆ ಕೈ ಹಾಕುವ ಅಧಿಕಾರ ತನಿಖೆ ಮಾಡುವವರದು, ನಮ್ಮದಲ್ಲ.

ಚಿತ್ರ ಹೋದರೂ ಉಳಿದದ್ದು

ಚಿತ್ರ ಹೋಗಿದೆ ಅಂದರೆ ಎಲ್ಲ ಹೋಗಿದೆ ಅಂತಲ್ಲ. ಯಾವ ನಂಬರಿನಿಂದ, ಯಾವ ಹೊತ್ತಿಗೆ, ಒಂದು ವ್ಯೂ ಒನ್ಸ್ ಫೋಟೋ ಬಂತು, ಅದು ತೆರೆದಿದೆ ಎಂಬ ದಾಖಲೆ ಚಾಟಿನಲ್ಲಿ ಉಳಿದಿತ್ತು. ಅದಕ್ಕಿಂತ ಬೆಲೆಯುಳ್ಳದ್ದು ಸುತ್ತಮುತ್ತಲಿನ ಮಾತು.

ಚಾಟನ್ನು ಮೇಲಿನಿಂದ ಓದುತ್ತಾ ಹೋದಾಗ ಒಂದು ಕಡೆ ಕೊಳ್ಳುವವರು ಕೇಳಿದ್ದು ಸಿಕ್ಕಿತು: ‘ಸೀರಿಯಲ್ ನಂಬರ್ ಸರಿಯಾಗಿ ಕಾಣಲಿಲ್ಲ, ಕೊನೆಗೆ 4183 ಆ, 4188 ಆ?’ ಅವನ ಉತ್ತರ: ‘4188’. ನಂಬರಿನ ಕೊನೆಯ ನಾಲ್ಕು ಅಂಕಿ ಮಾರುವವನ ಕೈಯಿಂದಲೇ, ಮಾಯವಾಗದ ಅಕ್ಷರಗಳಲ್ಲಿ ಬಂದುಬಿಟ್ಟಿತ್ತು. ಇದು ನೆನಪಿಗಿಂತ ಎಷ್ಟೋ ಗಟ್ಟಿ. ಅವನು ಚೀಟಿ ಕಳಿಸುವ ಮೊದಲು ‘ನನ್ನ ಐಡಿ ಕಳಿಸ್ತೀನಿ’ ಎಂದು ಬರೆದಿದ್ದೂ ಇತ್ತು.

ಆ ಚಾಟನ್ನು ಎಕ್ಸ್‌ಪೋರ್ಟ್ ಮಾಡಿ ಇಟ್ಟೆವು. ಫೋನನ್ನು ಹಾಗೇ ಇಡಿ, ರೀಸೆಟ್ ಮಾಡಬೇಡಿ, ಅವನನ್ನು ಬ್ಲಾಕ್ ಮಾಡಿದರೂ ಚಾಟ್ ಅಳಿಸಬೇಡಿ ಎಂದು ಹೇಳಿದೆ. ಮೂರು ಚಿತ್ರಗಳಲ್ಲಿ ಕಂಡದ್ದನ್ನು ನೆನಪಿರುವಷ್ಟು ಬರೆಯಲು ಹೇಳಿದೆ. ಹಿನ್ನೆಲೆಯಲ್ಲಿ ಏನಿತ್ತು, ಬೆಳಕು ಯಾವ ಕಡೆಯಿಂದ, ಚೀಟಿಯಲ್ಲಿ ಯಾವ ಹೆಸರು. ಬರೆಯುವಾಗ ಒಂದು ನಿಯಮ: ಖಚಿತವಾಗಿ ಕಂಡದ್ದು ಬೇರೆ, ಇರಬಹುದು ಅನಿಸಿದ್ದು ಬೇರೆ. ಎರಡನ್ನೂ ಬೆರೆಸಿದರೆ ಆ ಹಾಳೆಗೆ ಬೆಲೆ ಇರುವುದಿಲ್ಲ.

ನಾಲ್ಕನೆಯ ಫೋಟೋ

ಈಗ ತೆರೆಯದೆ ಬಿಟ್ಟ ರಸೀದಿಗೆ ಬರೋಣ. ವಾಟ್ಸಾಪ್‌ನಲ್ಲಿ ವ್ಯೂ ಒನ್ಸ್ ಚಿತ್ರವನ್ನು 14 ದಿನದೊಳಗೆ ತೆರೆಯದಿದ್ದರೆ ಅದು ತಾನಾಗಿ ಹೋಗಿಬಿಡುತ್ತದೆ. 9 ದಿನ ಕಳೆದಿತ್ತು. ಸಮಯ ಇತ್ತು, ಆದರೆ ಅವಕಾಶ ಒಂದೇ.

ಮೊದಲು ಬ್ಯಾಕಪ್ ತೆಗೆದೆವು. ಏನಾದರೂ ಎಡವಟ್ಟಾದರೆ ತೆರೆಯದ ಸ್ಥಿತಿಯಲ್ಲಿರುವ ಒಂದು ಪ್ರತಿ ಇರಲಿ ಅಂತ. ಆಮೇಲೆ ಎರಡನೆಯ ಫೋನನ್ನು ಸ್ಟ್ಯಾಂಡಿಗೆ ಹಾಕಿ, ಕೊಳ್ಳುವವರ ಫೋನನ್ನು ಅದರ ಕೆಳಗೆ ಮೇಜಿನ ಮೇಲೆ ಇಟ್ಟೆವು. ಪರದೆಯ ಬೆಳಕು ಸ್ವಲ್ಪ ತಗ್ಗಿಸಿ, ಮೇಲಿನ ದೀಪದ ಪ್ರತಿಬಿಂಬ ಬೀಳದ ಹಾಗೆ ತಿರುಗಿಸಿದೆವು. ಅವರದೇ ಬೇರೆ ಒಂದು ಮಾಮೂಲಿ ಫೋಟೋ ತೆರೆದು, ಅದರಲ್ಲಿನ ಸಣ್ಣ ಅಕ್ಷರ ವಿಡಿಯೋದಲ್ಲಿ ಓದಲು ಬರುತ್ತದಾ ಎಂದು ಪರೀಕ್ಷಿಸಿದೆವು. ಮೊದಲ ಸಲ ಫೋಕಸ್ ಓಡಾಡುತ್ತಿತ್ತು, ಲಾಕ್ ಮಾಡಿದೆವು. ಈ ರಿಹರ್ಸಲ್ ಬಿಡಲೇಬಾರದು. ಚಿತ್ರ ತೆರೆದ ಮೇಲೆ ‘ಅಯ್ಯೋ ಮಸುಕಾಯ್ತು’ ಅಂದರೆ ಮತ್ತೆ ತೆರೆಯಲು ಬರುವುದಿಲ್ಲ.

ವಿಡಿಯೋ ಎಲ್ಲೂ ಕತ್ತರಿಸದೆ ಒಂದೇ ಓಟದಲ್ಲಿ ತೆಗೆದೆವು. ಮೊದಲು ಫೋನಿನ ದಿನಾಂಕ, ಸಮಯ. ಆಮೇಲೆ ಆ ಖಾತೆಯ ಪ್ರೊಫೈಲ್ ತೆರೆದು ಪೂರ್ತಿ ನಂಬರ್. ಚಾಟಿಗೆ ವಾಪಸ್ ಬಂದು, ಹಿಂದಿನ ಸಂದೇಶಗಳನ್ನು ನಿಧಾನವಾಗಿ ತೋರಿಸಿ, ತೆರೆಯದ ಸಂದೇಶದ ಮೇಲೆ ನಿಂತು, ಆಮೇಲೆ ಒತ್ತಿದ್ದು. ರಸೀದಿ ಪೂರ್ತಿ ಕಾಣುವಾಗ ಸ್ವಲ್ಪ ಹೊತ್ತು ಕೈ ಅಲ್ಲಾಡಿಸದೆ ಬಿಟ್ಟೆವು. ನಂತರ ಹಿಗ್ಗಿಸಿ ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಸರಿಸಿದೆವು. ಸಮಯದ ಗಡಿ ಇರಲಿಲ್ಲ. ಮುಚ್ಚುವವರೆಗೂ ಚಿತ್ರ ಅಲ್ಲೇ ಇರುತ್ತದೆ. ಕೆಲವು ಆಪ್‌ಗಳಲ್ಲಿ ಕೆಲವೇ ಸೆಕೆಂಡುಗಳ ಟೈಮರ್ ಇರುತ್ತದೆ, ಅಲ್ಲಿ ಮೊದಲ ಕ್ಷಣದಲ್ಲೇ ಪೂರ್ತಿ ಚಿತ್ರ ಸ್ಪಷ್ಟವಾಗಿ ಸಿಗಬೇಕು. ಮುಚ್ಚಿದ ಮೇಲೆ ಸಂದೇಶದ ಗುರುತು ‘ತೆರೆಯಲಾಗಿದೆ’ ಎಂದು ಬದಲಾದದ್ದೂ ವಿಡಿಯೋದಲ್ಲಿ ಬಂತು.

ಆ ವಿಡಿಯೋವನ್ನು ವಾಟ್ಸಾಪ್‌ನಲ್ಲಿ ಕಳಿಸಿಕೊಳ್ಳಲಿಲ್ಲ, ಕಳಿಸಿದರೆ ಅದು ಕುಗ್ಗುತ್ತದೆ. ಕೇಬಲ್ ಹಾಕಿ ಕಂಪ್ಯೂಟರಿಗೆ ತೆಗೆದುಕೊಂಡು ಹ್ಯಾಶ್ ಲೆಕ್ಕ ಹಾಕಿದೆವು:

```
sha256sum receipt_video.mp4
```

ಬರುವ ಉದ್ದದ ಸಾಲನ್ನು ಬರೆದಿಟ್ಟರೆ ಫೈಲಿನಲ್ಲಿ ಆಮೇಲೆ ಒಂದು ಬಿಟ್ ಬದಲಾಗಿದ್ದರೂ ತಿಳಿಯುತ್ತದೆ. ಮೂಲವನ್ನು ಎತ್ತಿಟ್ಟು, ಪ್ರತಿಯ ಮೇಲೆ ಮಾತ್ರ ಕೆಲಸ ಮಾಡಿದೆವು.

ಪರದೆಯ ವಿಡಿಯೋ ಏನು ಹೇಳುತ್ತದೆ, ಏನು ಹೇಳುವುದಿಲ್ಲ

ಪರದೆಯ ವಿಡಿಯೋ ಮೂಲ ಫೋಟೋ ಅಲ್ಲ. ಅದರಲ್ಲಿ ಕಾಣುವ ವಿಷಯ ಸಿಗುತ್ತದೆ, ಫೈಲಿನ ಒಳಗಿನ ಸುಳಿವು ಸಿಗುವುದಿಲ್ಲ. ತಿದ್ದಿದ ಫೋಟೋ ಹಿಡಿಯುವ ನಮ್ಮ ಪರೀಕ್ಷೆಗಳಲ್ಲಿ ಬಹುಪಾಲು ಒಳಗಿನ ಸುಳಿವನ್ನೇ ನಂಬಿಕೊಂಡಿವೆ. ಒಂದು ಜಾಗದ ಜೆಪೆಗ್ ಕುಗ್ಗಿಸುವಿಕೆ ಉಳಿದ ಜಾಗಕ್ಕಿಂತ ಬೇರೆಯಾಗಿದೆಯಾ, ಕ್ಯಾಮೆರಾ ಸೆನ್ಸರ್ ಚಿತ್ರದ ಮೇಲೆ ಬಿಡುವ ಸಣ್ಣ ಚುಕ್ಕೆಗಳ ವಿನ್ಯಾಸ ಎಲ್ಲ ಕಡೆ ಒಂದೇ ಇದೆಯಾ ಎಂದು ನೋಡುತ್ತೇವೆ. ಪರದೆಯ ವಿಡಿಯೋದಲ್ಲಿ ಇವೆಲ್ಲ ಎರಡನೆಯ ಫೋನಿನ ಕ್ಯಾಮೆರಾದ ಗುರುತುಗಳಾಗಿಬಿಡುತ್ತವೆ, ಮೇಲೆ ಪರದೆಯ ಪಿಕ್ಸೆಲ್‌ಗಳ ಅಲೆಅಲೆ ಗೆರೆಗಳು ಬೇರೆ. ಹಾಗಾಗಿ ‘ರಸೀದಿ ತಿದ್ದಿದ್ದು’ ಎಂದು ನಾನು ಬರೆಯಲಿಲ್ಲ. ಬರೆಯಲು ಆಧಾರ ಇರಲಿಲ್ಲ.

ಆದರೆ ರಸೀದಿಯಲ್ಲಿ ಟ್ರ್ಯಾಕಿಂಗ್ ನಂಬರ್ ಪೂರ್ತಿ ಓದಲು ಬಂತು. ಕೊರಿಯರ್ ಕಂಪನಿಯ ತಾಣದಲ್ಲಿ ಹಾಕಿದಾಗ ಆ ಪಾರ್ಸೆಲ್ ಬೇರೆ ಊರಿಗೆ, ಈ ವ್ಯವಹಾರ ಶುರುವಾಗುವ ಮೊದಲೇ ತಲುಪಿಯಾಗಿತ್ತು. ರಸೀದಿ ಅಸಲಿಯೋ ನಕಲಿಯೋ ಎಂಬ ಪ್ರಶ್ನೆಯೇ ಬೇಕಾಗಲಿಲ್ಲ. ಅದು ಈ ಲೆನ್ಸಿನ ರಸೀದಿ ಅಲ್ಲ, ಅಷ್ಟು ಸಾಕು. ಫೋಟೋದ ಹೊರಗೆ ಹೋಗಿ ಪರೀಕ್ಷಿಸಬಹುದಾದ ಒಂದು ನಂಬರ್, ಎಷ್ಟೋ ಸಲ ಪಿಕ್ಸೆಲ್ ಪರೀಕ್ಷೆಗಿಂತ ಗಟ್ಟಿಯಾದ ಉತ್ತರ ಕೊಡುತ್ತದೆ.

ಲೆನ್ಸಿನ ಚಿತ್ರವೂ ಹೀಗೆ ಒಂದು ವಿಡಿಯೋದಲ್ಲಿ ಉಳಿದಿದ್ದರೆ, ಒಂದು ಫ್ರೇಮ್ ತೆಗೆದು, ಚಿತ್ರ ಕೊಟ್ಟು ಅದೇ ಚಿತ್ರ ಬೇರೆಲ್ಲಿದೆ ಎಂದು ಹುಡುಕುವ ಗೂಗಲ್ ಲೆನ್ಸ್ ಅಥವಾ ಟಿನ್‌ಐಯಲ್ಲಿ ಹಾಕಿ ನೋಡಬಹುದಿತ್ತು. ಅಂಥ ಹುಡುಕಾಟಕ್ಕೆ ಮೂಲ ಫೈಲೇ ಬೇಕೆಂದಿಲ್ಲ.

ಹಣ ಹಾಕುವ ಮೊದಲು ಏನು ಕೇಳಬೇಕಿತ್ತು

ವ್ಯೂ ಒನ್ಸ್ ಬೇಡ, ಮಾಮೂಲಿ ಫೋಟೋ ಕಳಿಸಿ ಎಂದು ಕೇಳುವುದು ಮೊದಲ ಹೆಜ್ಜೆ. ಆದರೆ ಅಲ್ಲಿಗೇ ನಿಲ್ಲಬಾರದು. ವಾಟ್ಸಾಪ್ ಮಾಮೂಲಿ ಫೋಟೋವನ್ನೂ ಕುಗ್ಗಿಸುತ್ತದೆ. ಯಾವ ಕ್ಯಾಮೆರಾ, ಯಾವ ಹೊತ್ತು, ಎಲ್ಲಿ ಎಂಬ ಎಕ್ಸಿಫ್ ಮಾಹಿತಿಯನ್ನು ಕಿತ್ತುಹಾಕುತ್ತದೆ. ಅದೇ ಫೋಟೋವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿದರೆ ಫೈಲ್ ಇದ್ದ ಹಾಗೇ ಬರುತ್ತದೆ. ಎಕ್ಸಿಫನ್ನೂ ತಿದ್ದಬಹುದು ನಿಜ. ಆದರೂ ಪರೀಕ್ಷಿಸಲು ಏನೋ ಒಂದು ಇರುತ್ತದೆ.

ಜತೆಗೆ ಹೊಸ ಫೋಟೋ ಕೇಳಬೇಕು. ನೀವು ಆಗಷ್ಟೇ ಹೇಳಿದ ಒಂದು ಪದ ಮತ್ತು ಇವತ್ತಿನ ದಿನಾಂಕವನ್ನು ಕಾಗದದಲ್ಲಿ ಕೈಯಲ್ಲಿ ಬರೆದು, ಆ ಕಾಗದವನ್ನು ಲೆನ್ಸಿನ ಕೆಳಗೆ ಅರ್ಧ ತೂರಿಸಿ, ಸೀರಿಯಲ್ ನಂಬರ್ ಕಾಣುವ ಹಾಗೆ ತೆಗೆಯಬೇಕು. ಇನ್ನೊಬ್ಬರ ಜಾಹೀರಾತಿನಿಂದ ಎತ್ತಿದವನಿಗೆ ಇದು ಕಷ್ಟ, ಲೆನ್ಸ್ ನಿಜವಾಗಿ ಇರುವವನಿಗೆ ಒಂದು ನಿಮಿಷದ ಕೆಲಸ. ನಂಬರನ್ನು ಅಕ್ಷರದಲ್ಲೂ ಬರೆಸಿಕೊಳ್ಳಿ.

ಗುರುತಿನ ಚೀಟಿಯ ವಿಷಯದಲ್ಲಿ ಮಾರುವವರ ಹೆದರಿಕೆ ನಿಜವೂ ಆಗಿರಬಹುದು, ಅಲ್ವಾ? ಹಾಗಿದ್ದರೆ ಚೀಟಿ ಕೇಳಲೇಬೇಡಿ. ಚೀಟಿಯ ಚಿತ್ರ ಅವನು ಯಾರು ಎಂದು ಸಾಬೀತು ಮಾಡುವುದೂ ಇಲ್ಲ. ಅದರ ಬದಲು ವಿಡಿಯೋ ಕರೆಯಲ್ಲಿ ಲೆನ್ಸ್ ತೋರಿಸಿ ಅನ್ನಿ, ಇಲ್ಲವೇ ವಸ್ತು ಕೈಗೆ ಬಂದ ಮೇಲೆ ಹಣ ಬಿಡುಗಡೆಯಾಗುವ ದಾರಿಯಲ್ಲಿ ಕೊಡಿ. ಇದ್ಯಾವುದಕ್ಕೂ ಒಪ್ಪದೆ, ಒಮ್ಮೆ ನೋಡಿ ಹಣ ಹಾಕಿ ಅಂದರೆ, ಹಣ ಹಾಕಬೇಡಿ.

24 ಗಂಟೆ, 7 ದಿನ ಅಥವಾ 90 ದಿನಕ್ಕೆ ಮಾಯವಾಗುವ ಚಾಟ್ ಬೇರೆ ವಿಷಯ. ಅಲ್ಲಿ ಅವಧಿ ಮುಗಿಯುವವರೆಗೂ ಫೋಟೋ ಮಾಮೂಲಿ ಫೈಲೇ. ಸ್ಕ್ರೀನ್‌ಶಾಟ್ ಬದಲು ಫೈಲನ್ನೇ ಸೇವ್ ಮಾಡಿ, ಆಗ ನನ್ನಂಥವರ ಕೈಗೆ ಸಾಕಷ್ಟು ಸಿಗುತ್ತದೆ.

ಒಂದು ಮಾತು ಸೇರಿಸಲೇಬೇಕು. ಇಲ್ಲಿ ಹೇಳಿದ ವಿಡಿಯೋ ವಿಧಾನ ವ್ಯವಹಾರದ ದಾಖಲೆಗೆ. ನಂಬಿಕೆಯಿಂದ ಕಳಿಸಿದ ಖಾಸಗಿ ಚಿತ್ರವನ್ನು ಹೀಗೆ ಗುಟ್ಟಾಗಿ ಹಿಡಿದಿಡುವುದು ದೊಡ್ಡ ದ್ರೋಹ, ಎಷ್ಟೋ ಕಡೆ ಅಪರಾಧ. ಮಕ್ಕಳ ಮೇಲಿನ ದೌರ್ಜನ್ಯದ ಚಿತ್ರ ಬಂದರೆ ಸಾಕ್ಷ್ಯಕ್ಕೆಂದೂ ಪ್ರತಿ ಮಾಡಬೇಡಿ, ನೇರ ಪೊಲೀಸರಿಗೆ ಹೇಳಿ. ವ್ಯೂ ಒನ್ಸ್ ಸಂದೇಶವನ್ನು ಆಪ್‌ನಲ್ಲೇ ರಿಪೋರ್ಟ್ ಮಾಡುವ ದಾರಿಯೂ ಇದೆ.

ವರದಿಯಲ್ಲಿ ಬರೆದದ್ದು

ಕೊಳ್ಳುವವರು ದೂರಿನ ಜತೆ ಕೊಟ್ಟ ನನ್ನ ಟಿಪ್ಪಣಿ ಚಿಕ್ಕದು. ನಾಲ್ಕನೆಯ ಚಿತ್ರದ ಬಗ್ಗೆ: ಇಂಥ ಖಾತೆಯಿಂದ ಬಂದದ್ದು, ಹೀಗೆ ತೆರೆದದ್ದು, ಟ್ರ್ಯಾಕಿಂಗ್ ನಂಬರ್ ಬೇರೆ ಪಾರ್ಸೆಲ್ಲಿನದು. ಸೀರಿಯಲ್ ನಂಬರಿನ ಬಗ್ಗೆ: ಕೊನೆಯ ನಾಲ್ಕು ಅಂಕಿ ಮಾರುವವನೇ ಬರೆದದ್ದು, ಚಾಟಿನಲ್ಲಿದೆ. ಮೊದಲ ಮೂರು ಚಿತ್ರಗಳ ಬಗ್ಗೆ: ಚಿತ್ರ ಲಭ್ಯವಿಲ್ಲ, ಪರೀಕ್ಷಿಸಿಲ್ಲ, ಕೊಳ್ಳುವವರ ನೆನಪಿನ ಹಾಳೆ ಜತೆಗಿದೆ.

ಚೀಟಿಯಲ್ಲಿದ್ದ ಹೆಸರು ಅವರಿಗೆ ಚೆನ್ನಾಗಿ ನೆನಪಿತ್ತು. ಆ ಹೆಸರಿನವನೇ ಆರೋಪಿ ಎಂದು ಬರೆಯಬೇಕು, ಎಲ್ಲ ಕಡೆ ಹಾಕಬೇಕು ಎಂದು ಅವರ ಹಟ. ಸಿಟ್ಟು ಅರ್ಥವಾಗುತ್ತದೆ. ಆದರೆ ಆ ಚೀಟಿ ಕದ್ದದ್ದೂ ಆಗಿರಬಹುದು, ಹಿಂದೆ ಇದೇ ರೀತಿ ಮೋಸ ಹೋದವರು ನಂಬಿ ಕಳಿಸಿದ್ದೂ ಆಗಿರಬಹುದು. ಚಿತ್ರ ಇಲ್ಲದೆ ಅದನ್ನು ತೀರ್ಮಾನಿಸುವ ದಾರಿ ಇಲ್ಲ. ಹಾಗಾಗಿ ದೂರಿನಲ್ಲಿ ಆರೋಪಿಯ ಜಾಗಕ್ಕೆ ಫೋನ್ ನಂಬರನ್ನೂ ಹಣ ಹೋದ ಖಾತೆಯನ್ನೂ ಬರೆದೆವು. ಹೆಸರನ್ನು ನೆನಪಿನ ಹಾಳೆಯಲ್ಲಿ, ‘ತೋರಿಸಲಾದ ಚೀಟಿಯಲ್ಲಿ ಕಂಡ ಹೆಸರು’ ಎಂದಷ್ಟೇ ಇಟ್ಟೆವು.